ರಾತ್ರಿ ಎರಡರಷ್ಟು, ಸಂಬಳ ಐವತ್ತು ರೂಪಾಯಿ ಕಮ್ಮಿ: ಹಾಸನದ ಒಬ್ಬ ಓಟಿ ಸಿಸ್ಟರ್‌ ಪೇ ಸ್ಲಿಪ್‌ನ ಪ್ರಕರಣ

2025ರ ನವೆಂಬರ್ 8, ಶನಿವಾರ. ಹಾಸನದಲ್ಲಿ ನಾನು ಸಂಬಳದ ಲೆಕ್ಕ ನೋಡಿಕೊಡುವ ಮೂರು ಆಸ್ಪತ್ರೆಗಳಲ್ಲಿ ಒಂದರ ಅಕೌಂಟ್ಸ್ ಕೋಣೆಯಲ್ಲಿ ಕೂತಿದ್ದೆ. ಅರವತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ ಅದು. ಆಪರೇಷನ್ ಥಿಯೇಟರ್‌ನ ಸ್ಟಾಫ್ ನರ್ಸ್ ಒಬ್ಬರು ಎರಡು ಪೇ ಸ್ಲಿಪ್ ಹಿಡಿದುಕೊಂಡು ಬಂದರು.

"ಸರ್, ಹೋದ ತಿಂಗಳು ಆರು ನೈಟ್ ಮಾಡಿದ್ದೆ, 18,149 ಬಂತು. ಈ ತಿಂಗಳು ಹನ್ನೆರಡು ನೈಟ್, ಮೇಲೆ ಮೂರು ಸಲ ಮಧ್ಯರಾತ್ರಿ ಕರೆಸಿಕೊಂಡ್ರು. ಬಂದಿದ್ದು 18,099. ಜಾಸ್ತಿ ಕೆಲಸ ಮಾಡಿದ್ದಕ್ಕೆ ಐವತ್ತು ರೂಪಾಯಿ ದಂಡಾನಾ?"

ಪಕ್ಕದಲ್ಲಿದ್ದ ಗುಮಾಸ್ತ ತಲೆ ಎತ್ತದೆ, "ಈ ತಿಂಗಳಿಂದ ಮೆಷಿನ್ ಲೆಕ್ಕ ಸಿಸ್ಟರ್. ಅದು ಏನ್ ಹೇಳುತ್ತೋ ಅದೇ" ಅಂದ. ಬೆರಳಚ್ಚಿನ ಹಾಜರಿ ಯಂತ್ರವನ್ನು ಸಂಬಳದ ಶೀಟಿಗೆ ಜೋಡಿಸಿದ ಮೊದಲ ತಿಂಗಳು ಅದು. ಜೋಡಿಸಿದ್ದು ನಾನೇ. ಹಾಗಾಗಿ ಕುರ್ಚಿ ಎಳೆದುಕೊಂಡು ಕೂರುವಂತೆ ಅವರಿಗೆ ಹೇಳಿದೆ.

ಮೊದಲು ಆ ಆಸ್ಪತ್ರೆಯ ನಿಯಮ ಹೇಳಿಬಿಡುತ್ತೇನೆ. ಸಿಸ್ಟರ್‌ಗೆ ಬೇಸಿಕ್ ಮತ್ತು ಡಿಎ ಸೇರಿ 15,600, ಮನೆ ಬಾಡಿಗೆ ಭತ್ಯೆ 2,400, ಒಟ್ಟು 18,000. ಇದು ಪ್ರತಿ ತಿಂಗಳೂ ಬರುವ ಕಾಯಂ ಮೊತ್ತ. ಇದರ ಮೇಲೆ ಮೂರು ಬಗೆಯ ದುಡ್ಡು ಕೂಡುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ಪಾಳಿ ಮಾಡಿದರೆ ನೈಟ್‌ಗೆ 150. ಹಗಲು ಪಾಳಿಯ ವಾರಗಳಲ್ಲಿ ಸರದಿ ಪ್ರಕಾರ ರಾತ್ರಿ 8ರಿಂದ ಬೆಳಿಗ್ಗೆ 6ರ ತನಕ ಫೋನು ಹತ್ತಿರ ಇಟ್ಟುಕೊಂಡು ಮನೆಯಲ್ಲಿ ಕಾಯಬೇಕು. ಕರೆದರೆ ಅರ್ಧ ಗಂಟೆಯೊಳಗೆ ಥಿಯೇಟರ್‌ನಲ್ಲಿರಬೇಕು. ಕರೆಯಲಿ ಬಿಡಲಿ, ಕಾದ ಒಂದು ರಾತ್ರಿಗೆ 100. ನಿಜವಾಗಿ ಕರೆದು ಕೆಲಸ ಮಾಡಿಸಿಕೊಂಡರೆ ಅಷ್ಟು ಗಂಟೆಗೆ ಎರಡರಷ್ಟು ದರದ ಓವರ್‌ಟೈಮ್ ಬೇರೆ.

ಈ ಮೂರನ್ನೂ ನಮ್ಮಲ್ಲಿ ಒಂದೇ ಉಸಿರಿನಲ್ಲಿ 'ನೈಟ್ ದುಡ್ಡು' ಅಂತಾರೆ. ಆದರೆ ಒಂದು ಎಣಿಸಬೇಕಾದದ್ದು ರಾತ್ರಿಗಳ ಲೆಕ್ಕದಲ್ಲಿ, ಇನ್ನೊಂದು ಸರದಿಗಳ ಲೆಕ್ಕದಲ್ಲಿ, ಮತ್ತೊಂದು ಗಂಟೆಗಳಲ್ಲಿ. ಈ ಪ್ರಕರಣದ ಒಂದೊಂದು ತಪ್ಪೂ ಈ ಮೂರರ ಕಲಸುಮೇಲೋಗರದಿಂದಲೋ, ಯಂತ್ರಕ್ಕೆ ಮಧ್ಯರಾತ್ರಿ ದಾಟಲು ಬಾರದ್ದರಿಂದಲೋ ಹುಟ್ಟಿದ್ದು.

ಕಾಯಂ ಸಂಬಳ ಕ್ಯಾಲೆಂಡರ್ ತಿಂಗಳಿಗೆ. ಕೂಡುವ ದುಡ್ಡಿನ ಲೆಕ್ಕ ಮಾತ್ರ ಹಿಂದಿನ ತಿಂಗಳ 21ರಿಂದ ಈ ತಿಂಗಳ 20ರ ತನಕ. ತಿಂಗಳ ಕೊನೆಯವರೆಗೆ ಕಾದರೆ 7ರೊಳಗೆ ಸಂಬಳ ಹಾಕಲು ಆಗುವುದಿಲ್ಲವೆಂದು ಬಹಳ ಕಡೆ ಹೀಗೆಯೇ ಮಾಡುತ್ತಾರೆ.

ಸ್ಲಿಪ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಒಂದು ದಿನದ ಸಂಬಳ ಕಡಿತ, 600 ರೂಪಾಯಿ. ಸಿಸ್ಟರ್ ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ. ಯಂತ್ರದ ದಾಖಲೆ ತೆರೆದು ಅಕ್ಟೋಬರ್ 15ರಿಂದ ಸಾಲು ಸಾಲಾಗಿ ಓದಿದೆ. 15ನೇ ತಾರೀಕು ರಾತ್ರಿ 9:50ಕ್ಕೆ ಒಂದು ಪಂಚ್, ಅಷ್ಟೇ. 16ರಂದು ಎರಡು ಪಂಚ್: ಬೆಳಿಗ್ಗೆ 6:10, ರಾತ್ರಿ 9:50. 17, 18, 19, 20ರಲ್ಲೂ ಹೆಚ್ಚುಕಡಿಮೆ ಹಾಗೇ. 21ರ ಬೆಳಿಗ್ಗೆ ಮತ್ತೆ ಒಂಟಿ ಪಂಚ್.

ಯಂತ್ರಕ್ಕೆ ಗೊತ್ತಿರುವುದು ಒಂದೇ ಸೂತ್ರ. ಒಂದು ತಾರೀಕಿನ ಮೊದಲ ಪಂಚ್ ಬಂದದ್ದು, ಕೊನೆಯ ಪಂಚ್ ಹೋದದ್ದು. ಹಾಗಾಗಿ 16ನೇ ತಾರೀಕು ಸಿಸ್ಟರ್ ಬೆಳಿಗ್ಗೆ 6:10ಕ್ಕೆ ಬಂದು ರಾತ್ರಿ 9:50ಕ್ಕೆ ಹೋದರು, ಹದಿನೈದು ಗಂಟೆ ನಲವತ್ತು ನಿಮಿಷ ದುಡಿದರು ಎಂದು ಬರೆದುಕೊಂಡಿದೆ. ಆ ಹೊತ್ತಿನಲ್ಲಿ ಅವರು ಮನೆಯಲ್ಲಿ ಕಿಟಕಿಗೆ ಬೆಡ್‌ಶೀಟ್ ಕಟ್ಟಿಕೊಂಡು ಮಲಗಿದ್ದರು. ಅಂದರೆ ನಿದ್ದೆ ಮಾಡಿದ ಹೊತ್ತೆಲ್ಲ ಹಾಜರಿ, ದುಡಿದ ಹೊತ್ತೆಲ್ಲ ಗೈರು! ಓವರ್‌ಟೈಮ್‌ಗೆ ಇನ್‌ಚಾರ್ಜ್ ಸಹಿ ಬೇಕಾದ್ದರಿಂದ ಆ ಹದಿನೈದು ಗಂಟೆ ಯಾರ ಗಮನಕ್ಕೂ ಬರಲಿಲ್ಲ. 'ಹಾಜರಿ' ಅಂತ ಬಂದಮೇಲೆ ಸಾಲನ್ನು ಯಾರು ಓದುತ್ತಾರೆ?

ಪೆಟ್ಟು ಬಿದ್ದದ್ದು ಸರಣಿಯ ತುದಿಯಲ್ಲಿ. 15ರಂದು ಒಂಟಿ ಪಂಚ್ ಆದ್ದರಿಂದ 'ಮಿಸ್ ಪಂಚ್, ಅರ್ಧ ದಿನ' ಎಂದಾಯಿತು. ಅದಕ್ಕೂ ಮೊದಲಿನ ಆರು ನೈಟ್ ಶುರುವಾದ ಸೆಪ್ಟೆಂಬರ್ 24ರಂದೂ ಅದೇ ಕತೆ. ಎರಡು ಅರ್ಧ ಸೇರಿ ಒಂದು ದಿನ ಹೋಯಿತು. ಮೊದಲ ಸರಣಿ ಮುಗಿದ ಸೆಪ್ಟೆಂಬರ್ 30ರ ಒಂಟಿ ಪಂಚ್ ಮಾತ್ರ ಬಚಾವಾಗಿತ್ತು. ಡ್ಯೂಟಿ ಲಿಸ್ಟ್‌ನಲ್ಲಿ ಆ ದಿನಕ್ಕೆ 'ನೈಟ್ ಆಫ್' ಎಂದು ಮೊದಲೇ ಹಾಕಿದ್ದರು.

ಇದನ್ನು ಗುರುತಿಸುವುದು ಕಷ್ಟವಲ್ಲ. ನೈಟ್ ಶುರುವಾದ ದಿನವೇ ಸ್ಲಿಪ್‌ನಲ್ಲಿ ಅರ್ಧ ದಿನ ಕಟ್ ಆಗಿದ್ದರೆ ಅದು ನೌಕರರ ತಪ್ಪಲ್ಲ, ಯಂತ್ರದ ಪಾಳಿ ಹೊಂದಾಣಿಕೆಯ ತಪ್ಪು. ನಾನು ಮಾಡಿದ ದುರಸ್ತಿ ಚಿಕ್ಕದು. ಡ್ಯೂಟಿ ಲಿಸ್ಟ್‌ನಲ್ಲಿ ನೈಟ್ ಎಂದಿರುವವರಿಗೆ ದಿನ ಬದಲಾಗುವುದು ಮಧ್ಯರಾತ್ರಿಯಲ್ಲ, ಮಧ್ಯಾಹ್ನ 12ಕ್ಕೆ ಎಂದು ಯಂತ್ರಕ್ಕೆ ಹೇಳಿದೆ. ಶೀಟಿನಲ್ಲಿ ಗಂಟೆ ಎಣಿಸಲು ಈ ಒಂದು ಸಾಲು ಸಾಕು, B ಕಾಲಂನಲ್ಲಿ ಬಂದ ಹೊತ್ತು, C ಕಾಲಂನಲ್ಲಿ ಹೋದ ಹೊತ್ತು ಇದ್ದರೆ:

```
=MOD(C2-B2,1)*24
```

21:50 ಮತ್ತು 6:10 ಹಾಕಿದರೆ 8.33 ಗಂಟೆ ಬರುತ್ತದೆ. ಸುಮ್ಮನೆ ಒಂದರಿಂದ ಇನ್ನೊಂದು ಕಳೆದರೆ ಉತ್ತರ ಋಣವಾಗುತ್ತದೆ, ಸಮಯದ ಕಾಲಂ ಆದರೆ ಮನೆ ತುಂಬ `#####` ಕಾಣಿಸುತ್ತದೆ. ಗುಮಾಸ್ತ ಅದನ್ನು 'ಕಾಲಂ ಸಣ್ಣದಾಗಿದೆ' ಎಂದುಕೊಂಡು ಎಳೆದು ಎಳೆದು ಅಗಲ ಮಾಡುತ್ತಿದ್ದನಂತೆ.

ಇನ್ನು ರಾತ್ರಿಗಳ ಎಣಿಕೆ. ಸ್ಲಿಪ್‌ನಲ್ಲಿ 11 ನೈಟ್, 1,650 ರೂಪಾಯಿ ಇತ್ತು. ಸಿಸ್ಟರ್ ಮಾಡಿದ್ದು 12. ನೈಟ್ ಎಣಿಸಲು ಯಂತ್ರಕ್ಕೆ ಬರುವುದಿಲ್ಲವಾದ್ದರಿಂದ ಗುಮಾಸ್ತ ವಾರ್ಡಿನ ಪುಸ್ತಕ ನೋಡಿ ಕೈಯಲ್ಲಿ ಎಣಿಸಿದ್ದ. ಬಿಟ್ಟುಹೋದದ್ದು 20ನೇ ತಾರೀಕಿನ ರಾತ್ರಿ.

ಕೇಳಿದರೆ ಅವನ ಉತ್ತರ ಸರಳ: "20ರ ಸಾಯಂಕಾಲ ಪುಸ್ತಕ ತರಿಸ್ಕೋತೀನಿ ಸರ್. ಅವರು ಇನ್ನೂ ಡ್ಯೂಟಿಗೇ ಬಂದಿರಲ್ಲ. ಮುಗಿಯೋದು 21ಕ್ಕೆ ತಾನೆ, ಮುಂದಿನ ತಿಂಗಳಿಗೆ ಬರುತ್ತೆ."

ಮುಂದಿನ ತಿಂಗಳಿಗೆ ಬರುತ್ತಿತ್ತೇ? ಮುಂದಿನ ಎಣಿಕೆ 21ರ ಸಾಲಿನಿಂದ ಶುರು. ವಾರ್ಡ್ ಪುಸ್ತಕದಲ್ಲಿ ಆ ರಾತ್ರಿ ಬರೆದಿರುವುದು 20ರ ಸಾಲಿನಲ್ಲಿ. ಹಾಗಾಗಿ ಅದು ಈ ತಿಂಗಳಿಗೂ ಇಲ್ಲ, ಆ ತಿಂಗಳಿಗೂ ಇಲ್ಲ. ಹಳೆಯ ಪುಸ್ತಕ ತರಿಸಿ ಆರು ತಿಂಗಳು ಹಿಂದಕ್ಕೆ ಹೋದೆ. ಯಂತ್ರ ಬರುವ ಮೊದಲಿನಿಂದಲೂ ಪ್ರತಿ ತಿಂಗಳ 20ರ ರಾತ್ರಿ ಯಾರಿಗೂ ದುಡ್ಡು ಕೊಟ್ಟಿರಲಿಲ್ಲ. ಒಂದು ರಾತ್ರಿಗೆ ಏಳು ಜನ ನರ್ಸ್‌ಗಳು, ತಿಂಗಳಿಗೆ 1,050, ಆರು ತಿಂಗಳಿಗೆ 6,300. ಯಾರೂ ಕೇಳದಿದ್ದುದಕ್ಕೆ ಕಾರಣವೂ ಇದೆ. ಒಬ್ಬೊಬ್ಬರ ಪಾಲಿಗೆ 150, ಅದೂ ಸರದಿಯಲ್ಲಿ ಬೇರೆ ಬೇರೆಯವರಿಗೆ. ಅಷ್ಟಕ್ಕೆ ಅಕೌಂಟ್ಸ್ ಕೋಣೆಯ ಬಾಗಿಲಲ್ಲಿ ನಿಲ್ಲುವವರಿಲ್ಲ.

ಈಗ ಅಲ್ಲಿರುವ ನಿಯಮ ಒಂದೇ ಸಾಲಿನದು. ರಾತ್ರಿ ಪಾಳಿ ಯಾವ ತಾರೀಕಿಗೆ ಶುರುವಾಯಿತೋ ಆ ತಾರೀಕಿಗೆ ಸೇರಿದ್ದು. ಪುಸ್ತಕವನ್ನು ತರಿಸಿಕೊಳ್ಳುವುದು 21ರ ಬೆಳಿಗ್ಗೆ 10ರ ಮೇಲೆ.

ಈ 150 ಎಂಬ ದರದ ಬಗ್ಗೆ ಒಂದು ಮಾತು. ಗುಮಾಸ್ತನ ಭಾವ ಅರಸೀಕೆರೆಯಲ್ಲಿ ರೈಲ್ವೆಯಲ್ಲಿದ್ದಾರೆ, 'ಅವರಿಗೆ ನೈಟ್‌ಗೆ ತುಂಬ ಕೊಡ್ತಾರೆ' ಎಂಬುದು ಆಸ್ಪತ್ರೆಯಲ್ಲೆಲ್ಲ ಹಬ್ಬಿದ ಮಾತು. ಕೇಂದ್ರ ಸರ್ಕಾರದ 2020ರ ಜುಲೈ ಆದೇಶದ ಸೂತ್ರ ಬೇರೆಯೇ ಥರ. ರಾತ್ರಿ 10ರಿಂದ 6ರ ನಡುವಿನ ಒಂದೊಂದು ಗಂಟೆಗೆ ಹತ್ತು ನಿಮಿಷ ಹೆಚ್ಚುವರಿ ಎಂದು ಲೆಕ್ಕ. ಗಂಟೆಯ ದರ ಎಂದರೆ ಬೇಸಿಕ್ ಮತ್ತು ಡಿಎ ಮೊತ್ತವನ್ನು 200ರಿಂದ ಭಾಗಿಸಿದ್ದು. ಬೇಸಿಕ್ 43,600 ದಾಟಿದವರಿಗೆ ಇಲ್ಲ. ಈ ಸಿಸ್ಟರ್‌ಗೆ ಅದೇ ಸೂತ್ರ ಹಾಕಿ ತೋರಿಸಿದೆ. 15,600ನ್ನು 200ರಿಂದ ಭಾಗಿಸಿದರೆ 78. ಎಂಟು ಗಂಟೆಗೆ ಎಂಬತ್ತು ನಿಮಿಷ. ಒಂದು ರಾತ್ರಿಗೆ 104 ರೂಪಾಯಿ. ಅಲ್ಲಿ ದುಡ್ಡು ದೊಡ್ಡದಾಗಿ ಕಾಣುವುದು ಬೇಸಿಕ್ ದೊಡ್ಡದಿರುವುದರಿಂದ, ಸೂತ್ರ ಉದಾರವಾಗಿರುವುದರಿಂದಲ್ಲ.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು, ಮತ್ತು ಅದಕ್ಕೆ ಅರ್ಧ ಹೊಣೆ ನನ್ನದು. ಆಸ್ಪತ್ರೆಯಲ್ಲಿ 'ಓಟಿ' ಎಂದರೆ ಆಪರೇಷನ್ ಥಿಯೇಟರ್. ಸಂಬಳದ ಲೆಕ್ಕದಲ್ಲಿ 'ಓಟಿ' ಎಂದರೆ ಓವರ್‌ಟೈಮ್. ಥಿಯೇಟರ್ ಇನ್‌ಚಾರ್ಜ್ ತುಂಬಿಕೊಡುವ ಶೀಟಿನಲ್ಲಿ ನಾನೇ ಎರಡು ಕಾಲಂ ಮಾಡಿದ್ದೆ. ಒಂದರ ತಲೆಬರಹ 'ಕಾಲ್', ಇನ್ನೊಂದರದು 'ಓಟಿ'. ಮೊದಲನೆಯದು ಮನೆಯಲ್ಲಿ ಕಾದ ರಾತ್ರಿಗಳಿಗೆ, ಎರಡನೆಯದು ಕರೆಸಿ ಕೆಲಸ ಮಾಡಿಸಿದ ಗಂಟೆಗಳಿಗೆ. ಆ ತಿಂಗಳು ಸಿಸ್ಟರ್ ಕಾದದ್ದು ಹತ್ತು ರಾತ್ರಿ. ಕರೆಸಿದ ಗಂಟೆಗಳೂ ಕೂಡಿದರೆ ಹತ್ತೇ. ಕಾಲ್ 10, ಓಟಿ 10. ಗುಮಾಸ್ತ ಅದನ್ನು 'ಓಟಿ ಕಾಲ್ ಹತ್ತು' ಎಂದು ಓದಿ, ಎರಡು ಸಲ ಬರೆದಿದ್ದಾರೆಂದುಕೊಂಡು ಒಂದನ್ನು ಬಿಟ್ಟ. ಹತ್ತು ಸರದಿಗೆ ನೂರರಂತೆ ಸಾವಿರ ಕೊಟ್ಟ. ಹತ್ತು ಗಂಟೆಯ ಓವರ್‌ಟೈಮ್ ಮಾಯವಾಯಿತು. ಕಾಲ್ 9 ಎಂದಿದ್ದರೆ ಬಹುಶಃ ಇನ್‌ಚಾರ್ಜ್‌ಗೆ ಫೋನ್ ಮಾಡಿ ಕೇಳುತ್ತಿದ್ದನೋ ಏನೋ.

ಆ ಹತ್ತು ಗಂಟೆಗೆ ಸಾಕ್ಷಿ ಬೇಕಿತ್ತು. ಕರೆಸಿಕೊಂಡ ಮೂರೂ ಸಲ ಯಂತ್ರದಲ್ಲಿ ಪಂಚ್ ಇಲ್ಲ. ಇರುವುದೂ ಇಲ್ಲ. ಯಂತ್ರ ಇರುವುದು ಮುಂಬಾಗಿಲಲ್ಲಿ, ರಾತ್ರಿ ಅದಕ್ಕೆ ಬೀಗ. ತುರ್ತಿಗೆ ಬಂದವರು ಕ್ಯಾಶುವಾಲ್ಟಿ ಕಡೆಯಿಂದ ನೇರ ಥಿಯೇಟರ್‌ಗೆ ಓಡುತ್ತಾರೆ. ಹೆರಿಗೆ ನೋವಿನವರನ್ನು ಟೇಬಲ್ ಮೇಲೆ ಮಲಗಿಸಿ, ತಾಳಿ ಮೇಡಂ, ಹೆಬ್ಬೆಟ್ಟು ಒತ್ತಿ ಬರ್ತೀನಿ ಅನ್ನಲಾಗುತ್ತದೆಯೇ?

ಸಿಕ್ಕಿದ್ದು ರಿಸೆಪ್ಷನ್‌ನ ಫೋನ್ ಪುಸ್ತಕ ಮತ್ತು ಥಿಯೇಟರ್‌ನ ಆಪರೇಷನ್ ರಿಜಿಸ್ಟರ್. ಅಕ್ಟೋಬರ್ 11ರ ರಾತ್ರಿಯದನ್ನು ಜೋಡಿಸಿ ನೋಡಿದೆವು. ಹಾಸನಾಂಬೆ ಬಾಗಿಲು ತೆರೆದು ಊರು ತುಂಬಿದ್ದ ದಿನಗಳು. ಫೋನ್ ಪುಸ್ತಕದಲ್ಲಿ 2:10ಕ್ಕೆ ಸಿಸ್ಟರ್‌ಗೆ ಕರೆ, ಆಂಬುಲೆನ್ಸ್ ಕಳಿಸಿದೆ ಎಂಬ ಟಿಪ್ಪಣಿ. ಸಕಲೇಶಪುರದ ಕಡೆಯಿಂದ ಬಂದ ಸಿಸೇರಿಯನ್ ಕೇಸು, ಶುರುವಾದದ್ದು 2:50ಕ್ಕೆ. ಮುಗಿದು, ಉಪಕರಣ ಎಣಿಸಿ, ಥಿಯೇಟರ್ ತೊಳೆಸಿ ಸಿಸ್ಟರ್ ಸಹಿ ಮಾಡಿದ್ದು 5:40ಕ್ಕೆ. ಆಸ್ಪತ್ರೆಯ ನಿಯಮದಲ್ಲಿ ಕರೆ ಬಂದ ಹೊತ್ತಿನಿಂದ ಸಹಿ ಮಾಡಿದ ಹೊತ್ತಿನ ತನಕ ಎಂದಿದೆ, ಮೂರೂವರೆ ಗಂಟೆ. ಆಪರೇಷನ್ ಶುರುವಾದದ್ದರಿಂದ ಹಿಡಿದರೆ ಮೂರು ಗಂಟೆಯೂ ಆಗುವುದಿಲ್ಲ. ಗುಮಾಸ್ತನಿಗೆ ಆಪರೇಷನ್ ರಿಜಿಸ್ಟರ್ ಮಾತ್ರ ಕೊಟ್ಟಿದ್ದರೆ ಅವನು ಅದನ್ನೇ ಹಿಡಿಯುತ್ತಿದ್ದ. ಇನ್ನೊಂದು ಸಲ ಅಪಘಾತದ ಕೇಸಿಗೆ ನಾಲ್ಕೂವರೆ ಗಂಟೆ. ಮೊದಲನೆಯ ಸಲ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೇ ಮುಗಿದಿತ್ತು, ಆದರೆ ಕರೆಸಿದ ಮೇಲೆ ಕನಿಷ್ಠ ಎರಡು ಗಂಟೆ ಕೊಡಬೇಕೆಂಬ ನಿಯಮ ಅಲ್ಲಿದೆ. ನಿದ್ದೆ ಮುರಿದದ್ದಕ್ಕೆ ನಿಮಿಷದ ಲೆಕ್ಕ ಹಾಕಬಾರದೆಂದು ಹಿಂದಿನ ಆಡಳಿತಾಧಿಕಾರಿ ಹಟ ಹಿಡಿದು ಸೇರಿಸಿದ್ದ ಸಾಲು ಅದು. ಒಟ್ಟು ಹತ್ತು.

ಗಂಟೆಯ ದರಕ್ಕೆ 15,600ನ್ನು 26 ದಿನಕ್ಕೆ ಭಾಗಿಸಿದರೆ 600, ಅದನ್ನು 8ಕ್ಕೆ ಭಾಗಿಸಿದರೆ 75. ಎರಡರಷ್ಟು ಎಂದರೆ 150. ಹತ್ತು ಗಂಟೆಗೆ 1,500.

ಹಾಗಾದರೆ ಬಾಕಿ ಎಷ್ಟು? ಕಟ್ ಮಾಡಿದ 600, ಬಿಟ್ಟುಹೋದ ನೈಟ್‌ನ 150, ಓವರ್‌ಟೈಮ್ 1,500. ಒಟ್ಟು 2,250. ಮೊದಲು 20,050 ಎಂದಿದ್ದ ಒಟ್ಟು ಸಂಬಳ 22,300 ಆಗಬೇಕಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ನಿಜವಾದ ತೊಡಕು ಆಗ ಎದ್ದಿತು. ಗುಮಾಸ್ತ 1,500ನ್ನು ಇದ್ದ ಸಾವಿರದ ಜೊತೆ ಸೇರಿಸಿ 'ಆನ್-ಕಾಲ್ ಭತ್ಯೆ 2,500' ಎಂದು ಟೈಪ್ ಮಾಡಿ, ನನ್ನ ಕಡೆ ತಿರುಗಿದ. "ಸರ್, ಒಟ್ಟು 22,300 ಆಯ್ತು. ಇಎಸ್‌ಐ ಮಿತಿ 21,000. ಅಕ್ಟೋಬರ್ ಬೇರೆ. ಇವರು ಇಎಸ್‌ಐನಿಂದ ಹೊರಗೆ ಹೋಗ್ತಾರಲ್ಲ?"

ಸಿಸ್ಟರ್ ಮುಖ ಸಣ್ಣದಾಯಿತು. ಅವರ ತಾಯಿಗೆ ಸಕ್ಕರೆ ಕಾಯಿಲೆ, ಮಾತ್ರೆಗಳೆಲ್ಲ ಬರುವುದು ಇಎಸ್‌ಐ ಕಾರ್ಡಿನ ಮೇಲೆ. "ಹೋಗ್ಲಿ ಬಿಡಿ ಸರ್ ಹಾಗಾದ್ರೆ. ಆ ದುಡ್ಡು ಬೇಡ" ಅಂದರು.

ಗುಮಾಸ್ತನ ಅರ್ಧ ಮಾತು ಸರಿ. ಇಎಸ್‌ಐನಲ್ಲಿ ವಂತಿಗೆಯ ಅವಧಿ ಎರಡು, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ 21,000 ದಾಟಿದರೆ ಆ ಅವಧಿ ಮುಗಿಯುವ ತನಕ ಒಳಗೇ ಇರುತ್ತಾರೆ. ಅಕ್ಟೋಬರ್ ಎಂದರೆ ಬಾಗಿಲಲ್ಲಿ ನಿಂತ ತಿಂಗಳು, ಅಲ್ಲಿ ದಾಟಿದರೆ ತಕರಾರು. ಆದರೆ ಆಗ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆ, ಮಿತಿ ಅಳೆಯುವಾಗ ಓವರ್‌ಟೈಮ್ ದುಡ್ಡನ್ನು ಹೊರಗಿಟ್ಟು ಅಳೆಯಬೇಕೆಂದು ಸ್ಪಷ್ಟವಾಗಿ ಹೇಳುತ್ತಿತ್ತು. ನೈಟ್ ಭತ್ಯೆ ಒಳಗೆ, ಕಾದದ್ದಕ್ಕೆ ಕೊಟ್ಟ ಭತ್ಯೆಯನ್ನೂ ನಾವು ಒಳಗೇ ಹಿಡಿದೆವು. 18,000ಕ್ಕೆ 1,800 ಮತ್ತು 1,000 ಸೇರಿದರೆ 20,800. ಮಿತಿಗೆ ಇನ್ನೂರು ಕಮ್ಮಿ. ಸಿಸ್ಟರ್ ಒಳಗೇ ಇದ್ದಾರೆ.

ಅವರನ್ನು ಹೊರಗೆ ಹಾಕುತ್ತಿದ್ದುದು ಆ 1,500 ಅಲ್ಲ, ಅದಕ್ಕೆ ಇಟ್ಟ ಹೆಸರು. 'ಓವರ್‌ಟೈಮ್' ಎಂದು ಪ್ರತ್ಯೇಕ ಸಾಲಿನಲ್ಲಿ ಬಂದಿದ್ದರೆ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. 'ಆನ್-ಕಾಲ್ ಭತ್ಯೆ'ಯಲ್ಲಿ ಕರಗಿಹೋದರೆ ಬಂದುಬಿಡುತ್ತದೆ. ಹಾಗೆಂದು ಮಿತಿ ದಾಟಬಾರದೆಂದು ಕಾದ ಭತ್ಯೆಯನ್ನೂ ಓವರ್‌ಟೈಮ್ ಎಂದು ಬರೆಯುವುದೂ ತಪ್ಪೇ. ತಪಾಸಣೆಗೆ ಬಂದವರು ಕೇಳುವುದು ಗಂಟೆಗಳ ದಾಖಲೆ, ಮನೆಯಲ್ಲಿ ಕಾದದ್ದಕ್ಕೆ ಗಂಟೆಗಳಿಲ್ಲ. ಮತ್ತೆ, ಮಿತಿಯ ಲೆಕ್ಕಕ್ಕೆ ಬಾರದಿದ್ದರೂ ಓವರ್‌ಟೈಮ್ ಆ ಕಾಯ್ದೆಯಲ್ಲಿ ವಂತಿಗೆಯ ಲೆಕ್ಕಕ್ಕೆ ಬರುತ್ತಿತ್ತು. ಇದನ್ನು ಮರೆಯುತ್ತಿದ್ದವರು ಬಹಳ. ವಂತಿಗೆ ಇಡೀ 22,300ರ ಮೇಲೆ. ನೌಕರರ ಪಾಲು ನೂರಕ್ಕೆ 0.75ರಂತೆ 167.25, ಮೇಲಿನ ರೂಪಾಯಿಗೆ ಏರಿಸಿ 168. ಆಸ್ಪತ್ರೆಯ ಪಾಲು 3.25ರಂತೆ 725.

ಪಿಎಫ್ ಕಡೆ ಏನೂ ಬದಲಾಗಲಿಲ್ಲ. ಅವರ ಬೇಸಿಕ್ ಮತ್ತು ಡಿಎ 15,000ದ ಮಿತಿಯನ್ನು ಮೊದಲೇ ದಾಟಿರುವುದರಿಂದ ಕಡಿತ 1,800ರಲ್ಲೇ ನಿಂತಿದೆ. ವೃತ್ತಿ ತೆರಿಗೆ 25,000ಕ್ಕಿಂತ ಕೆಳಗಿನವರಿಗೆ ಇಲ್ಲ. ಹಾಗಾಗಿ ಕೈಗೆ ಬರಬೇಕಾದದ್ದು 20,332. ಮೊದಲು ಬಂದದ್ದಕ್ಕಿಂತ 2,233 ಹೆಚ್ಚು.

ಇಎಸ್‌ಐ ವಂತಿಗೆ ಕಟ್ಟಲು 15ನೇ ತಾರೀಕು ಗಡುವು. ನಾವಿದ್ದದ್ದು 8ರಲ್ಲಿ. 12ಕ್ಕೆ ಬಾಕಿ ಖಾತೆಗೆ ಹಾಕಿಸಿ, ತಿದ್ದಿದ ಮೊತ್ತಕ್ಕೇ ವಂತಿಗೆ ಕಟ್ಟಿದೆವು. ಬಾಕಿಯನ್ನು 'ಅಕ್ಟೋಬರ್ ಬಾಕಿ' ಎಂದು ಒಟ್ಟಿಗೆ ಬರೆಯದೆ ಮೂರು ಸಾಲಾಗಿ ಬರೆಸಿದೆ. ಮುಂದೆ ಯಾರಾದರೂ ಪುಸ್ತಕ ತೆರೆದರೆ 1,500 ಏನೆಂದು ಕಾಣಬೇಕಲ್ಲ.

ಈ ಗಲಾಟೆಯೆಲ್ಲ ಕೇಳಿ ಆಡಳಿತದವರು ಒಂದು ಸಲಹೆ ಕೊಟ್ಟರು. ಎಣಿಕೆಯ ತಲೆನೋವೇ ಬೇಡ, ಎಲ್ಲ ನರ್ಸ್‌ಗಳಿಗೂ ತಿಂಗಳಿಗೆ 1,500 'ನೈಟ್ ಭತ್ಯೆ' ಎಂದು ಕೊಟ್ಟುಬಿಡೋಣ ಎಂದರು. ಸುಲಭ ಹೌದು. ಆದರೆ ರಾತ್ರಿ ಮಾಡಲಿ ಬಿಡಲಿ ಎಲ್ಲರಿಗೂ ಬರುವ ದುಡ್ಡು ಹೆಸರಿಗೆ ಮಾತ್ರ ನೈಟ್ ಭತ್ಯೆ. ಪಿಎಫ್ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 28ರಂದು ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲಿ ಇದೇ ಅಳತೆಗೋಲು ಹಿಡಿಯಿತು. ಎಲ್ಲರಿಗೂ ಸಾಮಾನ್ಯವಾಗಿ ಕೊಡುವ ಭತ್ಯೆ ಮೂಲ ವೇತನದ ಭಾಗವೇ, ಹೆಚ್ಚಿನ ಕೆಲಸಕ್ಕೆ ತಕ್ಕಂತೆ ಬದಲಾಗುವುದಾದರೆ ಬೇರೆ. ಈ ಸಿಸ್ಟರ್ ಮಟ್ಟಿಗೆ ವ್ಯತ್ಯಾಸವಿಲ್ಲ. ಆದರೆ ವಾರ್ಡಿನಲ್ಲಿ ಬೇಸಿಕ್ 12,500 ಇರುವ ಹೊಸಬರಿದ್ದಾರೆ, ಅವರ 1,500ರ ಮೇಲೂ ಎರಡೂ ಕಡೆಯಿಂದ ನೂರಕ್ಕೆ 12 ಕಟ್ಟಬೇಕಾಗುತ್ತದೆ. ಅದನ್ನು ಕಟ್ಟಲು ಸಿದ್ಧವಿದ್ದರೆ ಕೊಡಿ, ನೌಕರರಿಗೆ ಒಳ್ಳೆಯದೇ ಎಂದೆ. ಮಾತು ಅಲ್ಲಿಗೆ ನಿಂತಿತು. 6,300ರ ಹಳೆಯ ಬಾಕಿಯನ್ನು ಗೊಣಗುತ್ತಲೇ ಒಪ್ಪಿದರು.

ಅದೇ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂತು. ವೇತನದಿಂದ ಹೊರಗಿಡುವ ಬಾಬ್ತುಗಳು ಒಟ್ಟಿನ ಅರ್ಧ ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಬೇಕೆನ್ನುತ್ತದೆ ಅದು. ಈ ಸ್ಲಿಪ್‌ನಲ್ಲಿ ಬಾಡಿಗೆ ಭತ್ಯೆ ಮತ್ತು ಓವರ್‌ಟೈಮ್ ಸೇರಿ 3,900, ಅರ್ಧ ಬಹಳ ದೂರ.

ಶೀಟಿನ ತಲೆಬರಹ ಈಗ 'ಮನೆಯಲ್ಲಿ ಕಾದ ರಾತ್ರಿ' ಮತ್ತು 'ಕರೆಸಿದ ಗಂಟೆ'. ಓಟಿ ಎಂಬ ಪದವನ್ನೇ ತೆಗೆದುಹಾಕಿದ್ದೇನೆ. ಹೊಸ ಶೀಟು ತೋರಿಸಿದಾಗ ಸಿಸ್ಟರ್ ಎರಡೂ ಕಾಲಂ ಓದಿ, ಮೊದಲನೆಯದರ ಮೇಲೆ ಬೆರಳಿಟ್ಟರು.

"ಕಾದ ರಾತ್ರಿ ಅಂದ್ರೆ ಹತ್ತು ಗಂಟೆ ಸರ್. ಅರಕಲಗೂಡಿಗೆ ಅಮ್ಮನ ಹತ್ರ ಹೋಗೋ ಹಾಗಿಲ್ಲ, ಫೋನ್ ಸೈಲೆಂಟ್ ಮಾಡೋ ಹಾಗಿಲ್ಲ, ಸ್ನಾನಕ್ಕೆ ಹೋದ್ರೂ ಫೋನ್ ಬಕೆಟ್ ಪಕ್ಕ. ಅದಕ್ಕೆ ನೂರು. ಗಂಟೆಗೆ ಹತ್ತು ರೂಪಾಯಿ. ಇದು ಸರಿಯಾಗೇ ಲೆಕ್ಕ ಹಾಕಿದ್ದೀರಾ?"

ಲೆಕ್ಕ ಸರಿಯಾಗಿಯೇ ಇತ್ತು. ದರ ನಿಗದಿ ಮಾಡುವುದು ನನ್ನ ಕೈಲಿಲ್ಲವೆಂದು ಹೇಳಿದೆ. ಅವರು ಸಹಿ ಹಾಕಿ, ಎರಡು ಗಂಟೆಗಿದ್ದ ಕೇಸಿಗೆ ಹೊರಟರು.